ಕೋವೇರಿಯನ್ಸ್ ಸೊನ್ನೆ ಬಂತೆಂದು ‘ಸ್ವತಂತ್ರ’ ಎಂದು ಬರೆಯಬೇಡಿ

ಪದವಿ ವಿದ್ಯಾರ್ಥಿಗಳ ಉತ್ತರಗಳಲ್ಲಿ ಒಂದು ಸಾಲು ಪದೇ ಪದೇ ಕಾಣುತ್ತದೆ: ‘ಕೋವೇರಿಯನ್ಸ್ ಸೊನ್ನೆ, ಆದ್ದರಿಂದ X ಮತ್ತು Y ಸ್ವತಂತ್ರ.’ ಈ ‘ಆದ್ದರಿಂದ’ ತಪ್ಪು. ಮಲ್ಲಟ ಎಂಬ ಊರಿನ ಎರೆ ಹೊಲದ ಹತ್ತಿಯನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ.

ಒಂದೇ ಹೊಲದ 20 ಮುಂಗಾರುಗಳ ದಾಖಲೆ ಇದೆಯೆಂದುಕೊಳ್ಳಿ. ಅಂಕಿಗಳು ಅಭ್ಯಾಸಕ್ಕೆಂದು ಕಟ್ಟಿದವು. X ಎಂದರೆ ಮಳೆ: ಕಡಿಮೆ 0, ಹದ 1, ಅತಿ 2. Y ಎಂದರೆ ಬೆಳೆ: ಕೈಕೊಟ್ಟರೆ 0, ಚೆನ್ನಾಗಿ ಬಂದರೆ 1. ಮಳೆ ಕಡಿಮೆಯಾಗಿ ಬೆಳೆ ಕೈಕೊಟ್ಟ ವರ್ಷ 4 ಇದ್ದರೆ ಕೆಳಗಿನ ಕೋಷ್ಟಕದಲ್ಲಿ ಆ ಮನೆಗೆ 4/20, ಅಂದರೆ 0.20. ಪ್ರತಿ ಮನೆಯನ್ನೂ 20ರಿಂದಲೇ ಭಾಗಿಸಿ, ಸಾಲಿನ ಮೊತ್ತದಿಂದಲ್ಲ.

| ಮಳೆ | Y=0 | Y=1 | ಮೊತ್ತ |
|---|---|---|---|
| X=0 | 0.20 | 0.05 | 0.25 |
| X=1 | 0.10 | 0.40 | 0.50 |
| X=2 | 0.20 | 0.05 | 0.25 |
| ಮೊತ್ತ | 0.50 | 0.50 | 1 |

ಬಲ ಅಂಚಿನ ಮೊತ್ತಗಳು X ಒಂದರದೇ ಸಂಭವನೀಯತೆ, ಕೆಳ ಅಂಚಿನವು Y ಒಂದರದೇ. ಮಾರ್ಜಿನಲ್ ಎನ್ನುವುದು ಇವನ್ನೇ. ಮೂಲೆಯಲ್ಲಿ 1 ಬರದಿದ್ದರೆ ಮುಂದೆ ಹೋಗಬೇಡಿ.

ಅಂಚುಗಳಿಂದ E(X) = 1, E(Y) = 0.5. E(XY)ಗೆ ಒಳಗಿನ ಮನೆಗಳು ಬೇಕು: 1×0.40 + 2×0.05 = 0.50. ಕೋವೇರಿಯನ್ಸ್ ಎಂದರೆ E(XY) − E(X)E(Y), ಅಂದರೆ 0.50 − 0.50 = 0.

ಬಹಳ ಜನ ಎಡವುವುದು ಇಲ್ಲೇ. ಹದ ಮಳೆಯಾದಾಗ ಬೆಳೆ ಚೆನ್ನಾಗಿ ಬರುವ ಸಂಭವನೀಯತೆ 0.40/0.50, ಅಂದರೆ 0.8. ಮಳೆ ಕಡಿಮೆಯಾದರೆ ಅದು 0.05/0.25, ಬರೀ 0.2. ಮಳೆ ಅತಿಯಾಗಿ ಎರೆ ಮಣ್ಣಿನಲ್ಲಿ ನೀರು ನಿಂತು ಬೇರು ಉಸಿರಾಡದೆ ಹೋದರೂ ಅಷ್ಟೇ, 0.2. ಬೆಳೆ ಮಳೆಯನ್ನು ಇಷ್ಟೊಂದು ನಂಬಿಕೊಂಡಿರುವಾಗ ಸ್ವತಂತ್ರ ಎನ್ನುವುದು ಹೇಗೆ? ಮಳೆ ಹೆಚ್ಚಿದಂತೆ ಬೆಳೆ ಒಂದೇ ದಿಕ್ಕಿನಲ್ಲಿ ಏರುತ್ತದೆಯೇ, ಇಳಿಯುತ್ತದೆಯೇ ಎಂಬುದಷ್ಟೇ ಕೋವೇರಿಯನ್ಸ್‌ಗೆ ಕಾಣುವುದು. ಇಲ್ಲಿ ಬೆಳೆ ಮೊದಲು ಏರಿ ಆಮೇಲೆ ಇಳಿಯುತ್ತದೆ. (X−1)(Y−0.5) ಅನ್ನು ಆಯಾ ಸಂಭವನೀಯತೆಯಿಂದ ಗುಣಿಸಿ ಸಾಲುವಾರು ಕೂಡಿಸಿ ನೋಡಿ: ಕಡಿಮೆ ಮಳೆಯ ಸಾಲು +0.075, ಹದದ ಸಾಲು 0, ಅತಿ ಮಳೆಯದು −0.075. ಒಂದನ್ನೊಂದು ಹೊಡೆದುಹಾಕಿದವು.

ಸ್ವತಂತ್ರವೇ ಎಂದು ನೋಡಲು ಬೇರೆಯೇ ಪರೀಕ್ಷೆ ಬೇಕು. ಪ್ರತಿ ಮನೆಯೂ ತನ್ನ ಎರಡು ಅಂಚುಗಳ ಗುಣಲಬ್ಧಕ್ಕೆ ಸಮವಿರಬೇಕು. ಹದ ಮಳೆ, ಒಳ್ಳೆ ಬೆಳೆಯ ಮನೆಗೆ 0.50×0.50 = 0.25 ಬರಬೇಕಿತ್ತು, ಇರುವುದು 0.40. ಒಂದು ಮನೆ ತಪ್ಪಿದರೂ ಸ್ವತಂತ್ರವಲ್ಲ. ಆದರೆ ಸ್ವತಂತ್ರ ಎನ್ನಬೇಕಾದರೆ ಆರೂ ಮನೆ ತಾಳೆಯಾಗಬೇಕು.

ಕೋವೇರಿಯನ್ಸ್ ಸೊನ್ನೆಯಲ್ಲದಿದ್ದರೆ ಪರೀಕ್ಷೆ ಬೇಡ, ಸ್ವತಂತ್ರವಲ್ಲ ಎಂದು ನೇರವಾಗಿ ಬರೆಯಬಹುದು. ಇಂಥ ಕೋಷ್ಟಕಗಳಲ್ಲಿ X, Y ಎರಡಕ್ಕೂ ಎರಡೆರಡೇ ಬೆಲೆಗಳಿದ್ದಾಗ ಮಾತ್ರ ಸೊನ್ನೆ ಬಂದರೆ ಸ್ವತಂತ್ರ ಎನ್ನಬಹುದು. ಉಳಿದೆಡೆ ಮನೆಗಳನ್ನು ತಾಳೆ ನೋಡಿಯೇ ಉತ್ತರ ಬರೆಯಿರಿ.