ಆಡಿಟ್‌ನಲ್ಲಿ ಉಳಿದುಹೋದ 82 ಮಂದಿ: ಫೆಲೋಶಿಪ್‌ಗೆ ಅರ್ಜಿ ಬರೆಯುವ ಯುವ ವೈದ್ಯೆಗೆ ಕಿವಿಮಾತು

ಎಂ.ಡಿ. ಮುಗಿಸಿ ನಮ್ಮ ವಿಮಾನಪುರದ ಕಡೆಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೀಯ. ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು, ಆದರೆ ಕೈಯಲ್ಲಿರುವುದು ಒಂದು ಕ್ಲಿನಿಕಲ್ ಆಡಿಟ್ ಮಾತ್ರ, ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ ಏನು ಬರೆಯಲಿ ಅಂತ ಕೇಳಿದ್ದೆ. ಮಗಳೇ, ಆ ಒಂದು ಆಡಿಟ್ ಸಾಕು. ಅದನ್ನು ಹೇಗೆ ಬರೆಯುತ್ತೀಯ ಎನ್ನುವುದರ ಮೇಲೆ ಎಲ್ಲ ನಿಂತಿದೆ.

• ಆಡಿಟ್ ಅನ್ನು ಆಡಿಟ್ ಅಂತಲೇ ಕರೆ. "ನಾನು ಒಂದು ಅಧ್ಯಯನ ನಡೆಸಿದೆ" ಎಂದು ಬರೆಯಬೇಡ. ಮಾಡಬೇಕೆಂದು ಈಗಾಗಲೇ ಗೊತ್ತಿರುವುದನ್ನು ನಾವು ಮಾಡುತ್ತಿದ್ದೇವೆಯೇ ಎಂದು ನೋಡುವುದು ಆಡಿಟ್. ಏನು ಮಾಡಬೇಕೆಂದೇ ಯಾರಿಗೂ ಗೊತ್ತಿಲ್ಲದಿರುವಲ್ಲಿ ಹುಡುಕುವುದು ಸಂಶೋಧನೆ. ನಮ್ಮ ವಿಮಾನಪುರದಲ್ಲೇ 1957ರಿಂದ ಇರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯನ್ನು ನೆನೆದುಕೋ. ಪ್ರತಿ ಪೈಲಟ್‌ಗೂ ಸಕಾಲಕ್ಕೆ ಕಿವಿಯ ಪರೀಕ್ಷೆ ಆಗಿದೆಯೇ ಎಂದು ಫೈಲು ತಿರುವಿ ನೋಡಿದರೆ ಅದು ಆಡಿಟ್. ಎಷ್ಟು ಸದ್ದಿನಲ್ಲಿ ಎಷ್ಟು ವರ್ಷ ಹಾರಿದರೆ ಕಿವಿ ಎಷ್ಟು ಮಂದವಾಗುತ್ತದೆ ಎಂದು ಕೇಳಿದರೆ ಅದು ಸಂಶೋಧನೆ. ಅರ್ಜಿ ಓದುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ನಿನಗೂ ಗೊತ್ತಿದೆ ಎಂದು ಅವರಿಗೆ ಮೊದಲ ಪ್ಯಾರಾದಲ್ಲೇ ತಿಳಿಯಬೇಕು.

• ಬಾಲ್ಯದ ಕನಸು, ತಾತನ ಕಾಯಿಲೆ, ಸೇವೆಯ ಹಂಬಲ ಇವುಗಳಿಂದ ಶುರು ಮಾಡಬೇಡ. ನೇರವಾಗಿ ಕೆಲಸಕ್ಕೆ ಬಾ: ಯಾವ ಓಪಿಡಿ, ಯಾವ ಕಾಯಿಲೆ, ಯಾವ ಮಾನದಂಡ, ಎಷ್ಟು ಕೇಸ್ ಶೀಟ್.

• ನಿನ್ನ ಆಡಿಟ್ ಸಕ್ಕರೆ ಕಾಯಿಲೆಯವರ ಮೂತ್ರಪರೀಕ್ಷೆಯದ್ದು. ಟೈಪ್ 2 ಮಧುಮೇಹ ಗೊತ್ತಾದ ದಿನದಿಂದ ವರ್ಷಕ್ಕೆ ಒಮ್ಮೆಯಾದರೂ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಬೇಕು ಎನ್ನುವುದು ಎಲ್ಲರೂ ಒಪ್ಪಿದ ಮಾನದಂಡ. ಕಿಡ್ನಿ ಹಾಳಾಗುವ ಮುನ್ಸೂಚನೆ ಮೊದಲು ಸಿಗುವುದು ಅಲ್ಲೇ, ಆಗ ಕೊಡಲು ಔಷಧಿಯೂ ಇದೆ. ಲೆಕ್ಕ ತೋರಿಸಲೆಂದು ನಾನೇ ಕೆಲವು ಅಂಕಿ ಹಾಕುತ್ತೇನೆ, ಆ ಜಾಗದಲ್ಲಿ ನಿನ್ನ ನಿಜವಾದ ಅಂಕಿ ಹಾಕಿಕೋ. ಮೊದಲ ಸುತ್ತಿನಲ್ಲಿ 200 ಶೀಟ್ ನೋಡಿದೆ, 62ರಲ್ಲಿ ಪರೀಕ್ಷೆ ಆಗಿತ್ತು, ಅಂದರೆ ಶೇ 31. ಓಪಿಡಿ ಪುಸ್ತಕದ ಮೇಲೆ ಒಂದು ರಬ್ಬರ್ ಸ್ಟ್ಯಾಂಪ್ ಹಾಕಿಸಿದೆ, ಪರೀಕ್ಷೆಯ ಚೀಟಿಯನ್ನು ಸಿಸ್ಟರ್ ಮೇಜಿನಲ್ಲೇ ಬರೆದುಕೊಡುವ ವ್ಯವಸ್ಥೆ ಮಾಡಿದೆ. ಆರು ತಿಂಗಳ ಬಳಿಕ ಮತ್ತೆ 200 ಶೀಟ್ ನೋಡಿದೆ, ಈ ಸಲ 118, ಅಂದರೆ ಶೇ 59.
 ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ "ನನ್ನ ಕ್ರಮದಿಂದ ಪರೀಕ್ಷೆ ಸುಮಾರು ಎರಡು ಪಟ್ಟಾಯಿತು" ಎಂದು ಬರೆದುಬಿಡುತ್ತಾರೆ. ಆ ವಾಕ್ಯ ಅರ್ಜಿಯನ್ನು ಕೆಡಿಸುತ್ತದೆ. ಹೋಲಿಸಿ ನೋಡಲು ಸ್ಟ್ಯಾಂಪ್ ಇಲ್ಲದ ಇನ್ನೊಂದು ಓಪಿಡಿ ನಿನ್ನ ಬಳಿ ಇರಲಿಲ್ಲ. ಆ ಆರು ತಿಂಗಳಲ್ಲಿ ಲ್ಯಾಬ್ ದರ ಇಳಿದಿರಬಹುದು, ಹೊಸ ಪಿಜಿಗಳು ಬಂದಿರಬಹುದು, ಆಡಿಟ್ ನಡೆಯುತ್ತಿದೆ ಎಂದು ಗೊತ್ತಾಗಿಯೇ ಎಲ್ಲರೂ ಹುಷಾರಾಗಿರಬಹುದು. "ಬದಲಾವಣೆಯ ನಂತರ ಶೇ 31ರಿಂದ 59ಕ್ಕೆ ಏರಿತು, ಏರಿಕೆ ಸ್ಟ್ಯಾಂಪ್‌ನಿಂದಲೇ ಆಯಿತೆಂದು ಈ ವಿಧಾನದಿಂದ ಹೇಳಲಾಗದು" ಎಂದು ಬರೆ. ಇಷ್ಟು ಹೇಳುವವರು ಕಡಿಮೆ, ಆದ್ದರಿಂದ ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ.

• ಈಗ ಮುಖ್ಯ ವಿಷಯ. ನಿನ್ನ ಸ್ಟೇಟ್‌ಮೆಂಟ್‌ನ ಜೀವ ಆ 118ರಲ್ಲಿಲ್ಲ, ಉಳಿದ 82ರಲ್ಲಿದೆ. ಸ್ಟ್ಯಾಂಪ್ ಇತ್ತು, ಚೀಟಿ ಇತ್ತು, ಆದರೂ ಇವರಿಗೆ ಪರೀಕ್ಷೆ ಆಗಲಿಲ್ಲ. ಇವರು ಯಾರು? ಶೀಟ್‌ಗಳನ್ನು ಮತ್ತೊಮ್ಮೆ ತೆಗೆದು ನೋಡಿದಾಗ 82ರಲ್ಲಿ 50 ಮಂದಿ ಮಧ್ಯಾಹ್ನದ ಓಪಿಡಿಗೆ ಬಂದವರು ಎಂದು ಕಂಡಿತು ಅಂದುಕೋ. ಲ್ಯಾಬ್‌ನಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವುದು ಬೆಳಿಗ್ಗೆ 11ಕ್ಕೇ ನಿಲ್ಲುತ್ತದೆ. ಸಿಕ್ಕಿತು ಕಾರಣ ಎಂದು ಅಲ್ಲಿಗೇ ಬಿಡಬೇಡ. ಪರೀಕ್ಷೆ ಆದ 118ರಲ್ಲಿ ಮಧ್ಯಾಹ್ನ ಬಂದವರು ಎಷ್ಟು ಎಂಬುದು ಗೊತ್ತಿಲ್ಲದೆ ಆ 50ಕ್ಕೆ ಅರ್ಥವೇ ಇಲ್ಲ. ಅದು 20 ಎಂದಿಟ್ಟುಕೋ. ಆಗ ಮಧ್ಯಾಹ್ನ ಬಂದ ಒಟ್ಟು 70 ಮಂದಿಯಲ್ಲಿ 20 ಜನಕ್ಕೆ, ಅಂದರೆ ಶೇ 29ರಷ್ಟಕ್ಕೆ ಪರೀಕ್ಷೆ ಆಗಿದೆ. ಬೆಳಿಗ್ಗೆ ಬಂದ 130ರಲ್ಲಿ 98 ಜನಕ್ಕೆ, ಅಂದರೆ ಶೇ 75ಕ್ಕೆ. ಈಗ ಅದು ಮಾತನಾಡುತ್ತದೆ. ಈ ನಾಲ್ಕು ಅಂಕಿಯನ್ನು ಒಂದೇ ವಾಕ್ಯದಲ್ಲಿ ಬರೆದರೆ, ನಿನಗೆ ಛೇದ ಯಾವುದು, ಅಂಶ ಯಾವುದು ಎಂಬ ಜ್ಞಾನ ಇದೆ ಎಂದು ಯಾರೂ ಬೇರೆ ಪ್ರಶ್ನೆ ಕೇಳದೆ ಒಪ್ಪುತ್ತಾರೆ.

• ಆದರೆ ಲ್ಯಾಬ್ ಕೌಂಟರ್ ಅನ್ನು ಸಂಜೆವರೆಗೆ ತೆರೆದಿಡಿ ಎನ್ನುವುದು ಸಂಶೋಧನಾ ಪ್ರಶ್ನೆ ಅಲ್ಲ. ಅದು ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಬರೆಯುವ ಪತ್ರ. ಈ ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಉತ್ತಮವಾದರೂ ದಿನದ ಯಾವ ಹೊತ್ತಿನದ್ದೂ ಆಗುತ್ತದೆ, ಖಾಲಿ ಹೊಟ್ಟೆಯೂ ಬೇಕಿಲ್ಲ. ಆದ್ದರಿಂದ ಆ ಪತ್ರವನ್ನು ಇವತ್ತೇ ಬರೆ, ಅರ್ಜಿಗಾಗಿ ಕಾಯಬೇಡ. ಅದು ನಿನ್ನ ಆಡಿಟ್‌ನ ಮೂರನೇ ಸುತ್ತು.
 ಸಂಶೋಧನಾ ಪ್ರಶ್ನೆ ಅದರ ಹಿಂದೆ ನಿಂತಿದೆ. ಮಧ್ಯಾಹ್ನ ಬಂದವರು ಯಾಕೆ ಮಧ್ಯಾಹ್ನ ಬಂದರು? ನಮ್ಮ ಈ ಭಾಗ ಬೆಳೆದದ್ದೇ 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆಯ ಸುತ್ತ. ಇಲ್ಲಿ ಪಾಳಿಯ ಮೇಲೆ ಬದುಕುವ ಮನೆಗಳು ಬಹಳ, ಈಗ ಸೆಕ್ಯುರಿಟಿಯವರು, ರಾತ್ರಿ ಕೆಲಸದ ಕಂಪನಿಗಳವರೂ ಸೇರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದು ಬರುವವರಿಗೆ ಓಪಿಡಿ ಅಂದರೆ ಮಧ್ಯಾಹ್ನವೇ. ಹಾಗಿದ್ದರೆ ಪಾಳಿ ಕೆಲಸದ ಮಧುಮೇಹಿಗಳಲ್ಲಿ ಆಲ್ಬುಮಿನ್ ಏರುವ ವೇಗವೇ ಬೇರೆಯೇ, ಅಥವಾ ಪರೀಕ್ಷೆ ತಡವಾಗುವುದರಿಂದ ಹಾಗೆ ಕಾಣುತ್ತದೆಯೇ? ನಿನ್ನ ಕೇಸ್ ಶೀಟ್‌ಗಳು ಇದಕ್ಕೆ ಉತ್ತರ ಕೊಡಲಾರವು, ಕೆಲಸದ ವೇಳೆಯನ್ನು ಯಾರೂ ಶೀಟ್‌ನಲ್ಲಿ ಬರೆಯುವುದಿಲ್ಲ. ಆಡಿಟ್ ಎಲ್ಲಿಯವರೆಗೆ ಕರೆದೊಯ್ಯಿತು, ಎಲ್ಲಿ ಕೈಬಿಟ್ಟಿತು, ಅಲ್ಲಿಂದ ಮುಂದೆ ಹೋಗಲು ಏನು ಬೇಕು ಎಂಬ ಮೂರನ್ನೂ ಈ ಪ್ಯಾರಾ ಹೇಳಬೇಕು. ಉಳಿದೆಲ್ಲ ಪ್ಯಾರಾಗಳಿಗಿಂತ ಹೆಚ್ಚು ಹೊತ್ತು ಇದರ ಮೇಲೆ ಕೂರು.

• ರೆಕಾರ್ಡ್ ರೂಮಿನಲ್ಲಿ ಸಿಗದೇ ಹೋದ ಶೀಟ್‌ಗಳನ್ನು ಮುಚ್ಚಿಡಬೇಡ. ಯಾವ ಶೀಟ್ ಕಪಾಟಿನಲ್ಲಿ ಇರುವುದಿಲ್ಲ? ಈಗ ವಾರ್ಡ್‌ನಲ್ಲಿ ಅಡ್ಮಿಟ್ ಆಗಿರುವವರದ್ದು, ಕಿಡ್ನಿ ಡಾಕ್ಟರ ಮೇಜಿನ ಮೇಲಿರುವುದು, ಎರಡು ಸಂಪುಟವಾಗಿ ದಪ್ಪಗಾಗಿ ಹಗ್ಗ ಕಟ್ಟಿರುವುದು. ಅಂದರೆ ಹೆಚ್ಚು ಕಾಯಿಲೆಯವರದ್ದೇ. ಅವನ್ನು ಬಿಟ್ಟು ಕೈಗೆ ಸಿಕ್ಕಿದ 200 ತೆಗೆದರೆ ನೀನು ಕಂಡದ್ದು ಆರೋಗ್ಯವಾಗಿರುವವರ ಲೋಕ. "ಇಷ್ಟು ಶೀಟ್ ಸಿಗಲಿಲ್ಲ, ಅವು ಬಹುಶಃ ತೀವ್ರ ಕಾಯಿಲೆಯವರದ್ದು" ಎಂಬ ಒಂದು ಸಾಲು ಇರಲಿ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಬಹುಪಾಲು "ಶೀಟ್ ಹೇಗೆ ಆರಿಸಿದಿರಿ?" ಎನ್ನುವುದೇ.

• ಇನ್ನೊಂದು ಸಣ್ಣ ಆದರೆ ಸೂಕ್ಷ್ಮ ಮಾತು. ಪರೀಕ್ಷೆ "ಆಯಿತು" ಎಂದರೆ ಕೆಲಸ ಮುಗಿಯಲಿಲ್ಲ. ಅನುಪಾತ ಗ್ರಾಂಗೆ 30 ಮಿಲಿಗ್ರಾಂ ಅಥವಾ ಹೆಚ್ಚು ಬಂದರೆ ಮೂರರಿಂದ ಆರು ತಿಂಗಳಲ್ಲಿ ಮತ್ತೆ ನೋಡಿ, ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಖಚಿತ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರೀ ದುಡಿಮೆ, ಇವುಗಳಿಂದಲೂ ಏರುತ್ತದೆ. ಎರಡನೇ ಪರೀಕ್ಷೆಯನ್ನು ನೀನು ಎಣಿಸಿರದಿದ್ದರೆ, ಎಣಿಸಿಲ್ಲ ಎಂದೇ ಬರೆ.

• "ನಾವು" ಎಲ್ಲಿ, "ನಾನು" ಎಲ್ಲಿ ಎಂದು ಬೇರ್ಪಡಿಸು. ವಿಷಯ ಆರಿಸಿದ್ದು ಯೂನಿಟ್ ಚೀಫ್ ಆಗಿದ್ದರೆ ಹಾಗೇ ಹೇಳು. ಪ್ರೊಫಾರ್ಮಾ ಬರೆದದ್ದು, ಮಧ್ಯಾಹ್ನ-ಬೆಳಿಗ್ಗೆ ಎಂದು ಬಿಡಿಸಿ ನೋಡಿದ್ದು ನೀನಾಗಿದ್ದರೆ ಅದನ್ನು ಗಟ್ಟಿಯಾಗಿ ಹೇಳು. ಸ್ಟ್ಯಾಂಪ್ ಒತ್ತುತ್ತಾ ಬಂದ ಸಿಸ್ಟರ್‌ಗಳನ್ನೂ ನೆನೆ.

• ಎಥಿಕ್ಸ್ ಕಮಿಟಿಯ ವಿಷಯದಲ್ಲಿ ಎಚ್ಚರ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಸಂಸ್ಥೆಯೊಳಗಿನ ಗುಣಮಟ್ಟದ ಆಡಿಟ್‌ಗಳು ಪರಿಶೀಲನೆಯಿಂದ ವಿನಾಯಿತಿ ಪಡೆಯಬಹುದಾದ ಪಟ್ಟಿಯಲ್ಲಿವೆ. ಆದರೆ ವಿನಾಯಿತಿ ಕೊಡಬೇಕಾದ್ದು ಕಮಿಟಿ, ನೀನಲ್ಲ. ಆಡಿಟ್ ಅಂತ ಮಾಡಿದ್ದನ್ನು ಈಗ ಹೆಸರು ಬದಲಿಸಿ ಸಂಶೋಧನೆ ಎಂದು ತೋರಿಸಿದರೆ "ಅನುಮತಿ ಪತ್ರ ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.
 ರೋಗಿಯ ಕಥೆ ಸೇರಿಸಬೇಕೆನಿಸಿದರೆ ವಯಸ್ಸು, ಇಲಾಖೆ, ಕೆಲಸ ಮೂರನ್ನೂ ಒಟ್ಟಿಗೆ ಬರೆಯಬೇಡ. ಇಲ್ಲಿ ಒಬ್ಬರಿಗೊಬ್ಬರು ಗೊತ್ತು. 54 ವರ್ಷದ, ಇಂಥ ಶಾಪ್‌ನ ಫಿಟ್ಟರ್ ಎಂದರೆ ಅರ್ಧ ಬೀದಿಗೆ ಹೆಸರು ತಿಳಿದುಬಿಡುತ್ತದೆ.

• ಕೊನೆಯ ಪ್ಯಾರಾದಲ್ಲಿ ನಿನಗೆ ಬಾರದಿರುವುದನ್ನು ಹೆಸರಿಟ್ಟು ಕೇಳು. ಫೆಲೋಶಿಪ್ ಇರುವುದು ಕಲಿಸುವುದಕ್ಕೂ ಹೌದು. ಕ್ಲಿನಿಕಲ್ ಮತ್ತು ಸಾರ್ವಜನಿಕ ಆರೋಗ್ಯದವರಿಗೆಂದೇ ಫೆಲೋಶಿಪ್ ಕೊಡುವ ಡಿಬಿಟಿ-ವೆಲ್‌ಕಮ್ ಇಂಡಿಯಾ ಅಲಯನ್ಸ್‌ನಂಥ ಕಡೆ ಅರ್ಜಿ ಹಾಕುವಾಗ "ಸಂಶೋಧನಾ ಕೌಶಲ ಬೆಳೆಸಿಕೊಳ್ಳುವೆ" ಎಂದರೆ ಏನೂ ಹೇಳಿದಂತಾಗದು. ಒಂದು ಗುಂಪನ್ನು ವರ್ಷಗಳ ಕಾಲ ಹಿಂಬಾಲಿಸುವುದು ಹೇಗೆ, ಮಧ್ಯೆ ಬಿಟ್ಟುಹೋದವರನ್ನು ಲೆಕ್ಕದಲ್ಲಿ ಹೇಗೆ ಹಿಡಿಯುವುದು, ಪಾಳಿಯ ಪ್ರಭಾವವನ್ನು ವಯಸ್ಸು, ಬಿಪಿ, ಕಾಯಿಲೆಯ ಅವಧಿಯಿಂದ ಹೇಗೆ ಬಿಡಿಸಿ ನೋಡುವುದು, ಈ ಮೂರನ್ನು ನಾನು ಕಲಿಯಬೇಕಿದೆ ಎಂದು ಬರೆ. ಮಾರ್ಗದರ್ಶಕರ ಹೆಸರು ಹಾಕಿದರೆ ಈ ಮೂರರಲ್ಲಿ ಯಾವುದನ್ನು ಅವರು ಮಾಡಿ ತೋರಿಸಿದ್ದಾರೆ ಎಂಬುದು ನಿನಗೆ ಗೊತ್ತಿರಲಿ.

• ಅಳತೆ: ಕೇಳಿದ ಪದಮಿತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಡಿಟ್‌ಗೆ ಕೊಡಬೇಡ.

• ಕರಡು ಮುಗಿದ ಮೇಲೆ ಮೂಲ ಪ್ರೊಫಾರ್ಮಾ ಹಾಳೆಗಳನ್ನೂ ಎಕ್ಸೆಲ್ ಶೀಟನ್ನೂ ಪಕ್ಕಕ್ಕಿಟ್ಟುಕೊಂಡು ಒಂದೊಂದು ಅಂಕಿಯನ್ನೂ ಮತ್ತೆ ತಾಳೆ ನೋಡು. ಆ ಹಾಳೆಗಳನ್ನು ಸಂದರ್ಶನದವರೆಗೂ ಜೋಪಾನವಾಗಿಡು, ಅಲ್ಲಿ ಕೇಳುವುದು ಅವುಗಳಿಂದಲೇ.