ಉತ್ತಮ ಶಿಕ್ಷಕ ಪ್ರಶಸ್ತಿ: ಅಭಿನಂದನಾ ಪತ್ರದ ಒಕ್ಕಣೆ

ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯ ವೇದಿಕೆಯಲ್ಲಿ ಅಭಿನಂದನಾ ಪತ್ರವನ್ನು ಓದುವಾಗ, ಆ ಶಿಕ್ಷಕರನ್ನು ಹತ್ತಿರದಿಂದ ಬಲ್ಲ ಸಹೋದ್ಯೋಗಿಗಳೂ ಸಭೆಯಲ್ಲಿರುತ್ತಾರೆ. ಆದ್ದರಿಂದ ಪತ್ರದ ಪ್ರತಿಯೊಂದು ಮಾತೂ ಅವರು ಒಪ್ಪುವಂತಿರಬೇಕು. "ಮಕ್ಕಳ ಸರ್ವತೋಮುಖ ಅಭಿವೃದ್ಧಿಗೆ ಅಹರ್ನಿಶಿ ಶ್ರಮಿಸಿದ ಆದರ್ಶ ಶಿಕ್ಷಕರು" ಎಂಬ ವಾಕ್ಯ ಹೆಸರು ಬದಲಿಸಿದರೆ ಯಾರಿಗಾದರೂ ಸಲ್ಲುತ್ತದೆ. ಅಂತಹ ವಾಕ್ಯವನ್ನು ಕೈಬಿಡುವುದು ಲೇಸು.

ಪತ್ರವು ಒಂದೇ ಕಂಡಿಕೆಯಲ್ಲಿ ಬೋಧನಾ ಕ್ರಮ, ಮಕ್ಕಳ ಪ್ರಗತಿ, ವ್ಯಕ್ತಿಗುಣ ಎಂಬ ಅನುಕ್ರಮದಲ್ಲಿ ಸಾಗಬೇಕು. ಪ್ರತಿಯೊಂದಕ್ಕೂ ಒಂದು ವಾಕ್ಯ ಸಾಕು. ಮಾದರಿಗಾಗಿ ರಚಿಸಿದ ಒಂದು ನಿದರ್ಶನ ಹೀಗಿದೆ:

"ಶ್ರೀಮತಿ ........ ಅವರು ನಲಿ-ಕಲಿ ತರಗತಿಯಲ್ಲಿ ಪ್ರತಿದಿನ ಅರ್ಧ ಗಂಟೆಯನ್ನು ಓದಲು ತಡವರಿಸುವ ಮಕ್ಕಳಿಗೆ ಮೀಸಲಿಟ್ಟು, ಮಕ್ಕಳು ಆಡಿದ ಮಾತುಗಳನ್ನೇ ಕಪ್ಪುಹಲಗೆಯ ಮೇಲೆ ಬರೆದು ಓದಿಸಿದ್ದಾರೆ. ಜೂನ್‌ನಲ್ಲಿ ಅಕ್ಷರ ಗುರುತಿಸಲು ಕಷ್ಟಪಡುತ್ತಿದ್ದ ಮೂರನೆಯ ತರಗತಿಯ 11 ಮಕ್ಕಳಲ್ಲಿ 8 ಮಕ್ಕಳು ಫೆಬ್ರವರಿಯ ವೇಳೆಗೆ ಸರಳ ಕಥೆಯನ್ನು ತಾವೇ ಓದಿ, ಅದರ ಸಾರವನ್ನು ಹೇಳಬಲ್ಲವರಾಗಿದ್ದಾರೆ. ಕುಟುಂಬಗಳು ಗುಳೆ ಹೊರಡುವ ಮುನ್ನ ಮನೆಮನೆಗೆ ತೆರಳಿ, ಮಕ್ಕಳನ್ನು ಅಜ್ಜ-ಅಜ್ಜಿಯರ ಬಳಿ ಉಳಿಸಿ ಶಾಲೆಗೆ ಕಳುಹಿಸುವಂತೆ ಪೋಷಕರ ಮನವೊಲಿಸಿದ್ದಾರೆ. ಈ ಸೇವೆಯನ್ನು ಗೌರವಿಸಿ ಜಿಲ್ಲಾ ಉತ್ತಮ ಶಿಕ್ಷಕ ಪ್ರಶಸ್ತಿಯನ್ನು ಪ್ರದಾನ ಮಾಡಲಾಗಿದೆ."

ಇಲ್ಲಿ ಪ್ರಗತಿಯನ್ನು ಹೇಳುವ ಮುನ್ನ ಮಕ್ಕಳು ಎಲ್ಲಿದ್ದರೆಂಬುದನ್ನು ಹೇಳಲಾಗಿದೆ. ಆರಂಭದ ಸ್ಥಿತಿ ತಿಳಿಯದಿದ್ದರೆ, 8 ಮಕ್ಕಳು ಓದಬಲ್ಲರೆಂಬ ಮಾತು ಶಿಕ್ಷಕರ ಶ್ರಮವನ್ನು ತೋರಿಸುವುದಿಲ್ಲ. 11 ಮಕ್ಕಳೂ ಓದಿದರೆಂದು ಹಿಗ್ಗಿಸಿ ಬರೆದರೆ, ತರಗತಿಗೆ ಭೇಟಿ ನೀಡಿದ ಸಮೂಹ ಸಂಪನ್ಮೂಲ ವ್ಯಕ್ತಿಗಳಿಗೆ ಅದು ಸುಳ್ಳೆಂದು ತಿಳಿಯುತ್ತದೆ. ನಿಜವಾಗಿ ಕಲಿತ 8 ಮಕ್ಕಳ ಸಾಧನೆಯ ಮೇಲೂ ಸಂಶಯ ಮೂಡುತ್ತದೆ. ಕಲಿಕೆಯಲ್ಲಿ ಹಿಂದಿದ್ದ ಮಕ್ಕಳ ಹೆಸರನ್ನಾಗಲಿ, ಅವರ ಮನೆಯ ಬಡತನವನ್ನಾಗಲಿ ಪತ್ರದಲ್ಲಿ ಸೂಚಿಸಬಾರದು. ಆ ಮಕ್ಕಳೂ ಅದನ್ನು ಕೇಳಿಸಿಕೊಳ್ಳಬಹುದು.

ವ್ಯಕ್ತಿಗುಣದ ವಾಕ್ಯದಲ್ಲಿ "ತ್ಯಾಗಮಯಿ", "ಸಹೃದಯಿ" ಎಂಬ ವಿಶೇಷಣಗಳಿಲ್ಲ. ಗುಣವು ಶಿಕ್ಷಕರು ಮಾಡಿದ ಕೆಲಸದಿಂದಲೇ ವ್ಯಕ್ತವಾಗಿದೆ. ದಾನಿಗಳಿಂದ ಪಡೆದ ಬೆಂಚು, ಬಣ್ಣಗಳ ವಿವರ ಪ್ರಸ್ತಾವನೆಯಲ್ಲಿರಲಿ. ಅದು ಗುಣವರ್ಣನೆಗೆ ಬದಲಿಯಾಗದು.

ಕರಡನ್ನು ಅಂತಿಮಗೊಳಿಸುವ ಮುನ್ನ ಪ್ರತಿ ವಾಕ್ಯಕ್ಕೂ ಆಧಾರವನ್ನು ಪರಿಶೀಲಿಸಬೇಕು. ಜೂನ್ ತಿಂಗಳ ಸ್ಥಿತಿಗೆ ಸೇತುಬಂಧದ ಪೂರ್ವ ಪರೀಕ್ಷೆ, ನಂತರದ ಕಲಿಕೆಗೆ ಪ್ರಗತಿ ದಾಖಲೆ, ಗುಳೆಯ ಅವಧಿಗೆ ಹಾಜರಾತಿ ಪುಸ್ತಕ ಆಧಾರವಾಗುತ್ತವೆ. ಆಧಾರ ದೊರೆಯದ ವಾಕ್ಯ ಎಷ್ಟೇ ಸೊಗಸಾಗಿದ್ದರೂ ಅದನ್ನು ತೆಗೆದುಹಾಕತಕ್ಕದ್ದು.