ಹೊಟ್ಟೆಯ ಗೆರೆಗಳು ಮತ್ತು ಕ್ರೀಮಿನ ಭರವಸೆ

ಗರ್ಭಿಣಿಯರ ಹೊಟ್ಟೆ, ತೊಡೆಗಳ ಮೇಲೆ ಮೂಡುವ ಗೆರೆಗಳನ್ನು 'ಸ್ಟ್ರೆಚ್ ಮಾರ್ಕ್' ಎನ್ನುತ್ತಾರೆ. ಶರೀರ ವೇಗವಾಗಿ ಹಿಗ್ಗುವಾಗ ಚರ್ಮದ ಒಳಪದರದಲ್ಲಿರುವ ಕೊಲಾಜೆನ್ ಮತ್ತು ಇಲಾಸ್ಟಿನ್ ಎಂಬ ನಾರುಗಳು ಹರಿಯುವುದರಿಂದ ಇವು ಉಂಟಾಗುತ್ತವೆ. ಹಾರ್ಮೋನುಗಳೂ ವಂಶಗುಣವೂ ಇದರಲ್ಲಿ ಸೇರಿವೆ. ಗಾಯವಿರುವುದು ಒಳಪದರದಲ್ಲಿ, ನಾವು ಹಚ್ಚುವ ಕ್ರೀಮು ಬಹುಪಾಲು ಉಳಿಯುವುದು ಮೇಲ್ಪದರದಲ್ಲಿ; ಈ ಅಂತರವನ್ನು ಜಾಹೀರಾತು ಹೇಳುವುದಿಲ್ಲ.

ಟ್ಯೂಬಿನ ಹಿಂಬದಿಯನ್ನು ಓದೋಣ. ಘಟಕಗಳನ್ನು ಸಾಮಾನ್ಯವಾಗಿ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲು ನೀರು, ಬಳಿಕ ಗ್ಲಿಸರಿನ್, ಎಣ್ಣೆ, ಕೋಕೋ ಬೆಣ್ಣೆ. ಮುಂಬದಿಯಲ್ಲಿ ದೊಡ್ಡಕ್ಷರದಲ್ಲಿ ಮೆರೆಯುವ ವಿಟಮಿನ್ ಇ ಅಥವಾ ನಮ್ಮ ಹಿತ್ತಲಿನ ಒಂದೆಲಗದ ಸಾರ ಅನೇಕ ವೇಳೆ ಪಟ್ಟಿಯ ಕೊನೆಗೆ ಸಿಗುತ್ತದೆ. ಇವೆಲ್ಲ ಚರ್ಮವನ್ನು ಮೃದುವಾಗಿಸಿ ತುರಿಕೆಯನ್ನು ತಗ್ಗಿಸುತ್ತವೆ. ಅದು ನಿಜವಾದ ಉಪಕಾರವೇ; ಆದರೆ ಕೊಬ್ಬರಿ ಎಣ್ಣೆಯೂ ಅಷ್ಟನ್ನು ಮಾಡೀತು. ಗರ್ಭಿಣಿಯರಲ್ಲಿ ಕೋಕೋ ಬೆಣ್ಣೆಯನ್ನು ಪರೀಕ್ಷಿಸಿದಾಗ, ಅದಿಲ್ಲದ ಲೇಪನ ಹಚ್ಚಿದವರಿಗಿಂತ ಗೆರೆಗಳು ಕಡಿಮೆಯಾಗಲಿಲ್ಲ. ಇಂಥ ಲೇಪನಗಳು ಗೆರೆಗಳನ್ನು ತಡೆಯುತ್ತವೆ ಎನ್ನಲು ಉತ್ತಮ ಪುರಾವೆಯಿಲ್ಲವೆಂದು 2012ರ ಕಾಕ್ರೇನ್ ವಿಮರ್ಶೆ ತಿಳಿಸಿತು.

ಹಾಗಾದರೆ ಹಚ್ಚಿದವರಿಗೆ ಗುಣವಾದಂತೆ ಕಾಣುವುದೇಕೆ? ಹೆರಿಗೆಯ ಹೊತ್ತಿಗೆ ಕೆಂಪು ಇಲ್ಲವೆ ನೇರಳೆ ಬಣ್ಣದ ಗೆರೆಗಳಿರುವ ಬಾಣಂತಿಯೊಬ್ಬಳು ನಿತ್ಯ ಎರಡು ಹೊತ್ತು ಕ್ರೀಮು ಹಚ್ಚುತ್ತಾಳೆಂದು ಎಣಿಸೋಣ. ತಿಂಗಳುಗಳು ಕಳೆದಂತೆ ಕೆಂಪು ಇಳಿದು ಗೆರೆ ಬೆಳ್ಳಗಾಗುತ್ತದೆ. ಏನೂ ಹಚ್ಚದ ಅವಳ ಓರಗಿತ್ತಿಗೂ ಹಾಗೆಯೇ ಆಗುತ್ತದೆ. ಕಾಲವು ಮಾಡಿದ ಕೆಲಸದ ಕೀರ್ತಿ ಟ್ಯೂಬಿಗೆ ಸಲ್ಲುತ್ತದೆ. 'ಗೆರೆ ಅಳಿಯುತ್ತದೆ' ಎನ್ನದೆ 'ಮಸುಕಾಗಿ ಕಾಣುತ್ತದೆ' ಎಂದು ಬರೆಯುವ ಜಾಣ್ಮೆಯನ್ನೂ ಗಮನಿಸಬೇಕು.

ಗೆರೆ ಇನ್ನೂ ಕೆಂಪಾಗಿರುವಾಗ ಸ್ವಲ್ಪ ಫಲ ತೋರಿದ ಔಷಧವೆಂದರೆ ಟ್ರೆಟಿನಾಯಿನ್. ಅದನ್ನು ಚರ್ಮವೈದ್ಯರು ಬರೆದುಕೊಡಬೇಕು. ಬಸಿರಿನಲ್ಲಿ ಅದನ್ನೂ, ಅದರ ಸಂಬಂಧಿಯಾದ ರೆಟಿನಾಲನ್ನೂ ಹಚ್ಚಬಾರದು. ಹಾಲೂಡಿಸುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆಳ್ಳಗಾದ ಗೆರೆಗೆ ಲೇಸರ್ ಮುಂತಾದ ಚಿಕಿತ್ಸೆಗಳುಂಟು. ಅವೂ ತಗ್ಗಿಸುತ್ತವೆಯೇ ಹೊರತು ಪೂರ್ತಿ ಅಳಿಸುವುದಿಲ್ಲ.

ತೊಡೆಯ ಮೇಲೆ ಕುಳಿಕುಳಿಯಾಗಿ ಕಾಣುವ 'ಸೆಲ್ಯುಲೈಟ್' ರೋಗವಲ್ಲ. ಚರ್ಮದಡಿಯ ಕೊಬ್ಬು ಉಬ್ಬಿ, ನಾರಿನ ಪಟ್ಟಿಗಳು ಚರ್ಮವನ್ನು ಕೆಳಗೆಳೆಯುವುದರಿಂದ ಆಗುವ ರೂಪವದು, ತೆಳ್ಳಗಿನವರಲ್ಲಿಯೂ ಇರುತ್ತದೆ. ಅದರ ಕ್ರೀಮುಗಳಲ್ಲಿರುವ ಕೆಫೀನ್ ಚರ್ಮವನ್ನು ಕೆಲಕಾಲ ಬಿಗಿಯಾಗಿ ತೋರಿಸಬಹುದು, ಆ ಪಟ್ಟಿಗಳನ್ನು ಸಡಿಲಿಸಲಾರದು.

ಇನ್ನೊಂದು ಅಪಾಯವಿದೆ. ತೊಡೆಸಂದಿನ ತುರಿಕೆಗೆಂದು ಅಂಗಡಿಯಿಂದ ತಾವೇ ತಂದು ಹಚ್ಚುವ ಕೆಲವು ಮುಲಾಮುಗಳಲ್ಲಿ ಕ್ಲೋಬೆಟಾಸಾಲ್ ಅಥವಾ ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ವಾರಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ, ಇವೇ ಗೆರೆಗಳು ಅಲ್ಲಿ ಹೊಸದಾಗಿ ಮೂಡುತ್ತವೆ. ಟ್ಯೂಬಿನ ಮೇಲೆ ಆ ಹೆಸರುಗಳು ಕಂಡರೆ, ಬಳಕೆ ಮುಂದುವರಿಸುವ ಮೊದಲು ವೈದ್ಯರಿಗೆ ತೋರಿಸಬೇಕು.